ಮೊಮ್ಮಗಳ ಬಣ್ಣದಾಟ, ನನ್ನ ಸುಣ್ಣದ ಡಬ್ಬಿ

ಹೋದ ವಾರ ಮಗ್ಗಲ ಮನಿ ವೈನಿ ಸಕ್ಕರಿ ಇಸಗೊಂಡು ಹೋಗ್ಲಿಕ್ಕೆ ಬಂದಾಗ ನಮ್ಮ ಬಚ್ಚಲ ಗ್ವಾಡಿ ನೋಡಿ ಅಲ್ಲೇ ನಿಂತ್ರು. "ಇದೇನ್ರೀ, ಈ ಬ್ಯಾಸಗ್ಯಾಗ ಓಕುಳಿ ಆಡೀರೇನು?" ಅಂದ್ರು. ಗ್ವಾಡಿ ಮ್ಯಾಲೆ ಹಳದಿ, ಇಟ್ಟಂಗಿ ಕೆಂಪು, ನೀಲಿ, ಎಲ್ಲಾ ಕೈ ಗುರುತು. ನಮ್ಮ ಚಿನ್ನೂನ ಕೆಲಸ. ಆಕಿಗೆ ಈಗ ಐದು ವರ್ಷ. "ಬಾಯಾಗ ಹಾಕ್ಕೊಳ್ಳೂದಿಲ್ಲೇನು? ಏನು ಬಣ್ಣ ಕೊಡ್ತೀರಿ?" ಅಂತ ವೈನಿ ಕೇಳಿದ್ರು. ಹುಬ್ಬಳ್ಳಿಯಿಂದ ನಮ್ಮಕ್ಕನ ಮಗಳೂ ಫೋನಿನ್ಯಾಗ ಇದನ್ನ ಕೇಳಿದ್ಲು. ಇಬ್ಬರಿಗೂ ಬ್ಯಾರೆ ಬ್ಯಾರೆ ಹೇಳೂಕಿಂತ ಇಲ್ಲೇ ಬರದಬಿಡೋಣ ಅಂತ ಕೂತೀನಿ. ಛಲೋ ಆಗಿದ್ದಷ್ಟೇ ಅಲ್ಲ, ನಾ ತಪ್ಪು ಮಾಡಿದ್ದನ್ನೂ ಬರೀತೀನಿ. ಯಾಕಂದ್ರ ಆ ತಪ್ಪು ನೀವೂ ಮಾಡೂ ಹಂಥಾದ್ದ.

ಮಗ ಸೊಸಿ ಬೆಂಗಳೂರು ಬಿಟ್ಟು ಧಾರವಾಡಕ್ಕ ಬಂದು ಎರಡು ತಿಂಗಳಾತು. ಇಬ್ಬರೂ ಕೆಲಸಕ್ಕ ಹೋಗ್ತಾರ. ಸಾಲಿ ಸುರು ಆಗೂದು ಜೂನ್‌ಕ್ಕ. ಹಂಗಾಗಿ ಏಪ್ರಿಲ್, ಮೇ ಎರಡೂ ತಿಂಗಳು ಮುಂಜಾನಿಂದ ಸಂಜೀತನಕಾ ಚಿನ್ನೂ ನನ್ನ ಹತ್ರ. ಓಣ್ಯಾಗ ಆಕಿಗೆ ಗೆಳತ್ಯಾರು ಇನ್ನೂ ಆಗಿರಲಿಲ್ಲ. ಸುಮ್ಮನ ಕಿಡಕ್ಯಾಗ ಕೂತು ರಸ್ತೆ ನೋಡ್ತಿದ್ಲು, ಇಲ್ಲಾಂದ್ರ ಮೊಬೈಲ್ ಕೊಡು ಅಂತ ಹಟ. ಸೊಸಿ ಒಂದು ಬಣ್ಣದ ಡಬ್ಬಿ ತಂದುಕೊಟ್ಲು. ಅದರ ಮ್ಯಾಲೆ ದಪ್ಪ ಅಕ್ಷರದಾಗ 'ನಾನ್ ಟಾಕ್ಸಿಕ್' ಅಂತ ಬರದಿತ್ತು. ರೊಕ್ಕ ಕೇಳಿ ನನಗ ಎದಿ ಧಸಕ್ಕಂತು. "ಇಷ್ಟು ರೊಕ್ಕ ಯಾಕ? ಅಡಗಿಮನ್ಯಾಗ ಅರಿಷಿಣ ಅದ, ಗಜ್ಜರಿ ಅದ, ರಂಗೋಲಿ ಬಣ್ಣ ಅದ. ಮನೀ ವಸ್ತು ಮಕ್ಕಳಿಗೆ ಏನು ಮಾಡ್ತದ?" ಅಂದೆ. ಸೊಸಿ ಏನೂ ಅನಲಿಲ್ಲ. ಡಬ್ಬಿ ಕಪಾಟಿನ್ಯಾಗ ಇಟ್ಟು ಕೆಲಸಕ್ಕ ಹೋದ್ಲು.

ಮರುದಿನ ಮುಂಜಾನೆ ಹಾಲು ತುಂಬಿದ ಸಣ್ಣ ಗಂಗಾಳದಾಂಗ ಉತ್ಸಾಹ ತುಂಬಿ ತುಳುಕಲಿಕ್ಕತ್ತಿತ್ತು ನನಗ. ನಮ್ಮ ಕಡೆ ಆರತಿ ನೀರು ಮಾಡೂದು ನಿಮಗ ಗೊತ್ತೇ ಅದ. ತಟ್ಟಿಯೊಳಗ ನೀರಿಗೆ ಅರಿಷಿಣ ಹಾಕಿ, ಮ್ಯಾಲೆ ಚೂರು ಸುಣ್ಣ ಹಚ್ಚಿದ್ರ ಹಳದಿ ನೀರು ಕಣ್ಣ ಮುಂದನ ರಕ್ತದ ಹಂಗ ಕೆಂಪಾಗ್ತದ. ದೃಷ್ಟಿ ತಗೀಲಿಕ್ಕೆ ಎಷ್ಟು ಸಲ ಮಾಡೀವಿ. ಇದನ್ನ ತೋರಿಸಿದ್ರ ಹುಡುಗಿ ಮೊಬೈಲ್ ಮರೀತಾಳ ಅಂದುಕೊಂಡೆ. ತೋರಿಸಿದೆ. ಚಿನ್ನೂ ಬಾಯಿ ತಗದು ನೋಡಿದ್ಲು. "ಅಜ್ಜಿ, ನಾನು ಮಾಡ್ತೀನಿ" ಅಂದ್ಲು. ಅಷ್ಟರಾಗ ಕುಕ್ಕರ್ ಸೀಟಿ ಹೊಡೀತು. ನಾ ಎದ್ದು ಒಲಿ ಸಣ್ಣ ಮಾಡಲಿಕ್ಕೆ ಹೋದೆ. ಎಷ್ಟು ಹೊತ್ತು ಆಗಿರಬೇಕು, ನಾಕು ಹೆಜ್ಜಿ ಹೋಗಿ ನಾಕು ಹೆಜ್ಜಿ ಬರೂವಷ್ಟು. ನಮ್ಮ ಮನಿಯವರು ಎಲಿ ಅಡಿಕಿಗೆ ತರೂ ಸುಣ್ಣದ ಟ್ಯೂಬ್ ಇತ್ತಲ್ಲ, ಅದರ ಬಾಯಿ ಒಣಗಿ ಗಟ್ಟಿಯಾಗಿತ್ತು. ಹುಡುಗಿ ಅದನ್ನ ಮಾರಿ ಹತ್ರ ಹಿಡಕೊಂಡು ಎರಡೂ ಕೈಲೆ ಜೋರಾಗಿ ಒತ್ಯಾಳ. ಗಟ್ಟಿ ಬೂಚು ಹಾರಿ ಸುಣ್ಣ ಪಚಕ್ ಅಂತ ಗಲ್ಲಕ್ಕ ಸಿಡೀತು. ಕಣ್ಣಿಂದ ಒಂದು ಬೆರಳು ಕೆಳಗ.

ನಾ ಆಕಿನ್ನ ಎತಗೊಂಡು ಬಚ್ಚಲಕ್ಕ ಓಡಿದೆ. ನಳದ ಕೆಳಗ ಹಿಡದು ತೊಳದೇ ತೊಳದೆ. ಕಣ್ಣಿಗೆ ಹೋಗಿರಲಿಲ್ಲ. ಗಲ್ಲ ಒಂದೀಟು ಕೆಂಪಾಗಿತ್ತು, ಸಂಜೀಕೆ ಅದೂ ಹೋತು. ಖರೇ, ನನ್ನ ಕೈ ನಡಗೂದು ಮಾತ್ರ ರಾತ್ರಿತನಕಾ ನಿಂತಿರಲಿಲ್ಲ. ಯಾಕಂದ್ರ ನನ್ನ ತಮ್ಮಗ ಬಲಗಣ್ಣು ಇಲ್ಲ. ಅಂವ ಆರು ವರ್ಷದಂವ ಇದ್ದಾಗ ನಮ್ಮಜ್ಜನ ಸುಣ್ಣದ ಡಬ್ಬಿ ತಗೊಂಡು ಆಡಲಿಕ್ಕೆ ಹೋಗಿ ಆ ಕೈಲೆ ಕಣ್ಣು ತಿಕ್ಕಿಕೊಂಡಿದ್ದ. ಮನ್ಯಾಗ ಎಲ್ಲಾರೂ ಗಾಬರಿಯಾಗಿ ಕಣ್ಣಿಗೆ ತುಪ್ಪ ಹಾಕಿದ್ರು, ಅರಿವಿ ಕಟ್ಟಿದ್ರು, ಮರುದಿನ ದವಾಖಾನಿಗೆ ಕರಕೊಂಡು ಹೋದ್ರು. ಅಷ್ಟೊತ್ತಿಗೆ ಕಣ್ಣಿನ ಮ್ಯಾಲೆ ಹಾಲಿನ ಕೆನಿ ಹಂಗ ಬೆಳ್ಳಗಾಗಿತ್ತು. ಅದು ಮತ್ತ ತಿಳಿಯಾಗಲೇ ಇಲ್ಲ. ಇಷ್ಟು ಕಣ್ಣಾರೆ ನೋಡಿದಾಕಿ ನಾನು, "ಮನೀ ವಸ್ತು ಏನು ಮಾಡ್ತದ" ಅಂತ ಸೊಸಿ ಮುಂದ ಜಂಬ ಕೊಚ್ಚಿದ್ದೆ. ದಿನಾ ಕಣ್ಣ ಮುಂದ ಇರೂ ವಸ್ತುವಿನ ಮ್ಯಾಲಿನ ಅಂಜಿಕಿ ನಮಗ ಹೋಗಿಬಿಡ್ತದ, ಅಷ್ಟೇ.

ಸಂಜೀಕೆ ಸೊಸಿಗೆ ಎಲ್ಲಾ ಹೇಳಿದೆ. ಮುಚ್ಚಿಡಬಹುದಿತ್ತು, ಗಲ್ಲದ ಮ್ಯಾಲೆ ಏನೂ ಉಳದಿರಲಿಲ್ಲ. ಆದ್ರ ಮನಸ್ಸು ಒಪ್ಪಲಿಲ್ಲ. ಆಕಿ ಸಿಟ್ಟಾಗ್ತಾಳ ಅಂದುಕೊಂಡಿದ್ದೆ. ಆಕಿ ಚಿನ್ನೂನ ಮಾರಿ ತಿರುಗಿಸಿ ತಿರುಗಿಸಿ ನೋಡಿ, "ಅತ್ತೀ, ಸೋದರಮಾವನ ಕಣ್ಣು ಹೋಗಿದ್ದೂ ಇದರಿಂದನ ಅಲ್ಲೇನು?" ಅಂತ ಸಣ್ಣಾಗಿ ಕೇಳಿದ್ಲು. ಬೈದಿದ್ರ ಸೈಸಬಹುದಿತ್ತು.

ಮೊದಲು ಇದೊಂದು ತಿಳಕೊಳ್ರಿ. ಸುಣ್ಣ ಖಾರದ ಹಂಗ ಉರಿದು ಸುಮ್ಮನಾಗೂದಿಲ್ಲ. ಅದು ಕಣ್ಣಿನ ಪದರ ಕರಗಿಸಿಕೋತ ಒಳಗ ಒಳಗ ಹೋಗ್ತದ, ಕಣ್ಣಾಗ ಇರೂತನಕಾ ಸುಡ್ತನ ಇರ್ತದ. ಅದಕ್ಕ ಯಾರ ಮನ್ಯಾಗರ ಹಿಂಗಾತು ಅಂದ್ರ ತುಪ್ಪ, ಎಣ್ಣಿ, ಹಾಲು ಏನೂ ಹಾಕಬ್ಯಾಡ್ರಿ, ತಿಕ್ಕಲಿಕ್ಕೂ ಬಿಡಬ್ಯಾಡ್ರಿ. ರೆಪ್ಪಿ ಅಗಲ ಮಾಡಿ ಹಿಡದು ಸ್ವಚ್ಛ ನೀರು ಧಾರಿಯಾಗಿ ಬಿಡ್ರಿ. ಎರಡು ನಿಮಿಷ ಅಲ್ಲ, ಗಡಿಯಾರ ನೋಡಿಕೊಂಡು ಇಪ್ಪತ್ತರಿಂದ ಮೂವತ್ತು ನಿಮಿಷ. ಕೂಸು ಚೀರ್ತದ, ಚೀರ್ಲಿ. ಸುಣ್ಣದ ಹಳಕು ರೆಪ್ಪಿ ಒಳಗ ಸಿಕ್ಕೊಂಡಿದ್ರ ಹಸೀ ಅರಿವಿ ತುದೀಲೆ ಮೆಲ್ಲಕ ತಗೀರಿ. ಆಮ್ಯಾಲೆ ನೆಟ್ಟಗ ಕಣ್ಣಿನ ದವಾಖಾನಿ. ನಮ್ಮ ತಮ್ಮಗ ಆ ದಿನ ಬರೇ ಬಾವಿ ನೀರು ಹಾಕಿದ್ರೂ ಇವತ್ತು ಕಥಿನ ಬ್ಯಾರೆ ಇರ್ತಿತ್ತೋ ಏನೋ.

ಆ ರಾತ್ರಿ ಅತ್ತಿ ಸೊಸಿ ಇಬ್ಬರೂ ಕೂತು ಒಂದು ಲೆಕ್ಕ ಹಾಕಿದ್ವಿ. ಐದು ವರ್ಷದ ಹುಡುಗರ ಕೈಯಾಗ ಏನು ಕೊಟ್ರೂ ಅದು ಮೂರು ಕಡೆ ಹೋಗ್ತದ: ಬಾಯಿಗೆ, ಕಣ್ಣಿಗೆ, ಮೂಗಿಗೆ. ಮೂರಕ್ಕೂ ಹೋದ್ರ ಏನಾಗ್ತದ ಅಂತ ಕೇಳಿಕೊಂಡು, ಏನೂ ಆಗೂದಿಲ್ಲ ಅಂದ್ರ ಮಾತ್ರ ಆಟಕ್ಕ. ಮನೀದು ಅಂತ ಪಾಸ್ ಇಲ್ಲ, ಅಂಗಡೀದು ಅಂತ ನಪಾಸೂ ಇಲ್ಲ.

ಈ ಜರಡಿ ಹಿಡದು ನೋಡಿದ್ರ ನಾ ಲೆಕ್ಕಕ್ಕ ಹಿಡದ ಎಷ್ಟೋ ವಸ್ತು ಕೆಳಗ ಬಿದ್ದಾವ. ರಂಗೋಲಿ ಪುಡಿ ಅಂದ್ರ ಕಲ್ಲಿನ ಪುಡಿ. ನಾವು ಬಗ್ಗಿ ಎಳಿ ಎಳಿಯಾಗಿ ಬಿಡ್ತೀವಿ. ಹುಡುಗರು ತೂರ್ತಾರ, ಊದ್ತಾರ, ಆ ಸಣ್ಣ ಧೂಳು ಮೂಗಿನ್ಯಾಗ ಹೋಗ್ತದ. ಬಣ್ಣದ ರಂಗೋಲಿ ಪಾಕೀಟಿನ ಮ್ಯಾಲೆ ಒಳಗ ಏನು ಹಾಕ್ಯಾರ ಅಂತ ಬರದಿರೂದಿಲ್ಲ. ಪೂಜಾದ ಅರಿಷಿಣದ ಪಾಕೀಟು ತಿರುಗಿಸಿ ನೋಡ್ರಿ, ತಿನ್ನಲಿಕ್ಕೆ ಅಲ್ಲ ಅಂತ ಸಣ್ಣ ಅಕ್ಷರದಾಗ ಇರ್ತದ. ಅರಿಷಿಣ ಹಳದಿಯಾಗಿ ಹೊಳೀಲಿ ಅಂತ ಸೀಸದ ಬಣ್ಣ ಕಲಬೆರಕೆ ಮಾಡೂದೂ ನಡದದ. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು, ಬಾಯಾಗ ರುಚಿಲೆ ಗೊತ್ತೂ ಆಗೂದಿಲ್ಲ. ಹಂಗಾಗಿ ಬಣ್ಣದಾಟಕ್ಕೂ ಸಾರಿಗೆ ಹಾಕೂ ಅರಿಷಿಣನ. ಕೇರಂ ಬೋರ್ಡಿಗೆ ಹಾಕೂ ನುಣ್ಣನ ಬಿಳೀ ಪುಡಿ ಅದಲ್ಲ, ಅದು ಬಹುತೇಕ ಬೋರಿಕ್ ಆಸಿಡ್. ಹಿಟ್ಟಿನ ಹಂಗ ಕಾಣ್ತದ ಅಂತ ಅದನ್ನ ಆಟಕ್ಕ ಕೊಡಬಾರದು, ಹೊಟ್ಟಿಗೆ ಹೋದ್ರ ವಿಷ.

ಇನ್ನ ಸೊಸಿ ತಂದ ಡಬ್ಬಿ. ಅದನ್ನೂ ಇಬ್ಬರೂ ಕೂಡಿ ಓದಿದ್ವಿ. ನಾನ್ ಟಾಕ್ಸಿಕ್ ಅಂದ್ರ ತಿನ್ನಬಹುದು ಅಂತ ಅರ್ಥ ಅಲ್ಲ, ಹೇಳಿದ ರೀತಿಯಾಗ ಬಳಸಿದ್ರ ಹಾನಿ ಇಲ್ಲ ಅಂತ ಅಷ್ಟೇ. ಆ ಶಬ್ದ ಒಂದನ್ನ ನಂಬಿಕೊಂಡು ಕೂಡಬಾರದು. ನಮ್ಮ ದೇಶದಾಗ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಗಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ ಆಗ್ಯದ. ಬೆರಳಿಲೆ ಹಚ್ಚೂ ಬಣ್ಣಕ್ಕ ಅಂತನ ಐಎಸ್ 9873ರ ಏಳನೇ ಭಾಗ ಅದ. ಡಬ್ಬಿ ಮ್ಯಾಲೆ ಆ ನಂಬರ್ ಮತ್ತ ಎಷ್ಟು ವಯಸ್ಸಿನವರಿಗೆ ಅನ್ನೂದು ಎರಡೂ ನೋಡ್ರಿ. ಬಟ್ಟಿಗೆ ಹಚ್ಚೂ ಫ್ಯಾಬ್ರಿಕ್ ಬಣ್ಣ, ಮೂಗಿಗೆ ಘಮ್ಮಂತ ಹೊಡಿಯೂ ಎಣ್ಣಿ ಬಣ್ಣ, ಅಳಸಲಾರದ ಮಾರ್ಕರ್, ಇವು ದೊಡ್ಡವರಿಗೆ. ಸೊಸಿ ತಂದ ಡಬ್ಬಿ ಪಾಸಾತು. ಅದನ್ನ ಕಪಾಟಿನಿಂದ ನಾನ ತಗದು ಹೊರಗ ಇಟ್ಟೆ.

ಆದ್ರ ಆ ಡಬ್ಬಿ ಬಣ್ಣ ಎಷ್ಟು ದಿನ ಬರ್ತದ ಹೇಳ್ರಿ. ಮೊಳಕೈತನಕಾ ಮೆತ್ತಿಕೊಂಡು ಆಡೂ ಹುಡುಗಿಗೆ ನಾಕು ಸಣ್ಣ ಬಾಟಲಿ ಒಂದು ವಾರಕ್ಕ ಸಾಕಾದ್ವು. ಹಂಗಾಗಿ ಗಂಜಿ ಬಣ್ಣ ಮಾಡೂದು ಕಲತೆ. ಈಗ ಅದರ ಅಳತಿ ಹೇಳ್ತೀನಿ.

ಅರ್ಧ ವಾಟಿ ಕಾರ್ನ್ ಫ್ಲೋರ್, ಎರಡು ವಾಟಿ ನೀರು, ಅರ್ಧ ಚಹಾ ಚಮಚ ಉಪ್ಪು. ಅರ್ಧ ವಾಟಿ ತಣ್ಣನ ನೀರಾಗ ಹಿಟ್ಟು ಗಂಟಿಲ್ಲದಂಗ ಕದಡಿ ಇಟಗೋರಿ. ಉಳದ ಒಂದೂವರಿ ವಾಟಿ ನೀರು ಉಪ್ಪು ಹಾಕಿ ಕುದಿಯಾಕ ಇಡ್ರಿ. ಕುದಿ ಬಂದ ಮ್ಯಾಲೆ ಉರಿ ಸಣ್ಣ ಮಾಡಿ, ಕದಡಿದ ಹಿಟ್ಟು ಒಂದು ಕೈಲೆ ಸುರುವಿಕೋತ ಇನ್ನೊಂದು ಕೈಲೆ ತಿರುವಿಕೋತ ಇರ್ರಿ. ಮೂರು ನಾಕು ನಿಮಿಷದಾಗ ಹಾಲಿನ ಬಿಳುಪು ಹೋಗಿ ಗಾಜಿನ ಹಂಗ ಹೊಳಪು ಬರ್ತದ. ಅದು ಬಂತಂದ್ರ ಬೆಂದದ ಅಂತ ಅರ್ಥ. ಒಲಿ ಮ್ಯಾಲೆ ತೆಳ್ಳಗ ಕಂಡ್ರೂ ಅಂಜಬ್ಯಾಡ್ರಿ, ಆರಿದ ಮ್ಯಾಲೆ ಗಟ್ಟಿಯಾಗ್ತದ. ಭಾಳ ಗಟ್ಟಿಯಾದ್ರ ಬಿಸಿನೀರು ಒಂದೊಂದು ಚಮಚ ಹಾಕಿ ತಿರುವ್ರಿ. ಪೂರ್ತಿ ತಣ್ಣಗಾದ ಮ್ಯಾಲೆನ ಮಕ್ಕಳ ಕೈಗೆ. ಗಂಜಿ ಮ್ಯಾಲೆ ತಣ್ಣಗ ಕಂಡು ಒಳಗ ಸುಡೂ ಹಂಗ ಇರ್ತದ. ನಾ ನನ್ನ ಬೆರಳು ತಳಕ್ಕ ಅದ್ದಿ ನೋಡೇ ಕೊಡ್ತೀನಿ.

ಮೊದಲನೇ ಸಲ ನಾ ಮೈದಾ ಬರೇ ನೀರಾಗ ಕಲಸಿ ಕೊಟ್ಟಿದ್ದೆ. ಹಸೀ ಹಿಟ್ಟಿನ್ಯಾಗ ಹೊಟ್ಟಿ ಕೆಡಸೂ ಕ್ರಿಮಿ ಇರಬಹುದು, ಬಾಯಾಗ ಹೋಗೂ ಹಿಟ್ಟು ಬೇಯಿಸೇ ಕೊಡಬೇಕು ಅಂತ ಸೊಸಿ ಹೇಳಿದ್ಲು. ಎರಡನೇ ಸಲ ಬೇಯಿಸಿದೆ, ಆದ್ರ ಹುಡುಗಿ ಖುಷಿಯಾಗ್ಲಿ ಅಂತ ಚೂರು ಸಕ್ಕರಿ ಹಾಕಿದೆ. ಬಣ್ಣ ಹಚ್ಚೂದು ಬಿಟ್ಟು ವಾಟಿ ಖಾಲಿ ಮಾಡಿದ್ಲು! ಮನ್ಯಾಗ ಬಣ್ಣ ರುಚಿ ಮಾಡಿಕೊಟ್ರ, ಹೊರಗ ಯಾರರ ಕೊಟ್ಟ ಬಣ್ಣಾನೂ ತಿನ್ನೂದನ್ನ ನಾವ ಕಲಸಿದಂಗ. ಯುರೋಪಿನ ನಿಯಮದಾಗ ಬೆರಳ ಬಣ್ಣಕ್ಕ ಬೇಕಂತನ ಕಹಿ ಸೇರಸಬೇಕಂತ, ಮಕ್ಕಳು ನೆಕ್ಕಬಾರದು ಅಂತ. ನನ್ನ ಅರ್ಧ ಚಮಚ ಉಪ್ಪೂ ಅದಕ್ಕನ. ಅದಕ್ಕಿಂತ ಹೆಚ್ಚು ಉಪ್ಪು ಬ್ಯಾಡ, ಸಣ್ಣ ಮಕ್ಕಳ ಹೊಟ್ಟಿಗೆ ಭಾಳ ಉಪ್ಪು ಹೋಗೂದು ಅಪಾಯ.

ಈ ಗಂಜಿ ಫ್ರಿಜ್ಜಿನ್ಯಾಗ ಮೂರು ದಿನ ಇರ್ತದ. ಮ್ಯಾಲೆ ನೀರು ಒಡದು ನಿಂತ್ರ, ಹುಳಿ ವಾಸನಿ ಬಂದ್ರ, ಇಲ್ಲಾ ಒಂದು ಚುಕ್ಕಿ ಬೂಸಲಾ ಕಂಡ್ರೂ ಚೆಲ್ಲಿಬಿಡ್ರಿ. ಆದ್ರ ಬಚ್ಚಲ ಮೋರಿಗೆ ಸುರುವಬ್ಯಾಡ್ರಿ, ಪೈಪಿನ್ಯಾಗ ಗಟ್ಟಿಯಾಗಿ ಕಟಗೋತದ. ನಾ ಪೇಪರಿನ್ಯಾಗ ಹಾಕಿ ಕಸಕ್ಕ ಕೊಡ್ತೀನಿ.

ಇನ್ನ ಬಣ್ಣ. ಗಂಜಿ ಮೂರು ವಾಟಿಗೆ ಹಂಚಿರಿ, ಮೂರೇ ಸಾಕು. ಒಂದಕ್ಕ ಕಾಲು ಚಮಚ ಅರಿಷಿಣ. ಇನ್ನೊಂದಕ್ಕೂ ಅಷ್ಟೇ ಅರಿಷಿಣ, ಜೊತಿಗೆ ಒಂದು ಚಿಟಿಕಿ ಅಡಗಿ ಸೋಡಾ. ಸುಣ್ಣದ ಜಾಗಾಕ್ಕ ನಾ ಹುಡುಕಿದ್ದು ಇದನ್ನ. ಸುಣ್ಣದಷ್ಟು ಕೆಂಪು ಬರೂದಿಲ್ಲ, ಇಟ್ಟಂಗಿ ಬಣ್ಣ ಬರ್ತದ. ಹುಡುಗಿಗೆ ಅದರ ಬಗ್ಗೆ ತಕರಾರು ಇಲ್ಲ, ನನಗೂ ಇಲ್ಲ. ಹಳದಿ ಸೀರಿಗೆ ಬಿದ್ದ ಸಾರಿನ ಕಲಿಗೆ ಸಾಬಾಣ ಹಚ್ಚಿದ ಕೂಡ್ಲೆ ಕೆಂಪಾಗೂದು ನೀವು ನೋಡೇ ಇರ್ತೀರಿ. ಅದೂ ಇದೂ ಒಂದ. ಸುಣ್ಣ, ಸೋಡಾ, ಸಾಬಾಣ ಮೂರೂ ಕ್ಷಾರ, ಅರಿಷಿಣ ಕ್ಷಾರಕ್ಕ ಕೆಂಪಾಗ್ತದ. ಮೂರರಾಗ ಮೆತ್ತಂದು ಸೋಡಾ. ಮ್ಯಾಲೆ ನಿಂಬಿಹಣ್ಣು ಹಿಂಡಿದ್ರ ತಿರುಗಿ ಹಳದಿ.

ಮೂರನೇದ್ದು ಹಿತ್ತಲದಾಗಿನ ಶಂಖಪುಷ್ಪ. ಹತ್ತು ಹನ್ನೆರಡು ನೀಲಿ ಹೂವಿನ ಪಕಳಿ ಅಷ್ಟೇ ಬಿಡಿಸಿಕೊಂಡು, ಕಾಯಿ ಬೀಜ ದೂರ ಇಟ್ಟು, ಕಾಲು ವಾಟಿ ಬಿಸಿನೀರಾಗ ಹತ್ತು ನಿಮಿಷ ನೆನಸಿ ಹಿಂಡ್ರಿ. ಅಚ್ಚ ನೀಲಿ. ಅದಕ್ಕ ನಿಂಬಿಹುಳಿ ಹಾಕಿದ್ರ ನೇರಳಿ, ಇನ್ನೂ ಹಾಕಿದ್ರ ಗುಲಾಬಿ. ಸೋಡಾ ಹಾಕಿದ್ರ ಹಸರು ಕಡೆ ತಿರಗ್ತದ. ನಿಂಬಿಹುಳಿ ಕಣ್ಣಿಗೆ ಉರೀತದ, ಅದಕ್ಕ ನಾನ ಹಿಂಡಿ ಒಂದು ಚಮಚದಷ್ಟು ಸಣ್ಣ ಬಟ್ಟಲದಾಗ ಕೊಡ್ತೀನಿ, ಹೋಳು ಕೈಗೆ ಕೊಡೂದಿಲ್ಲ.

ವಸ್ತುವಿನ ಮಾತು ಇಷ್ಟು. ಆಟದ ಮಾತು ನನಗ ಇದಕ್ಕಿಂತ ಕಠಿಣ ಆತು, ಯಾಕಂದ್ರ ಅಲ್ಲಿ ಬದಲಾಗಬೇಕಾದಾಕಿ ನಾನು. ಮೊದಲ ದಿನ ಬಣ್ಣ ಕೊಟ್ಟು, ಪೇಪರ್ ಮ್ಯಾಲೆ ನಾನ ಒಂದು ಆನಿ ಬರದು, "ಇದರಾಗ ತುಂಬು, ಗೆರಿ ದಾಟಬ್ಯಾಡ" ಅಂದೆ. ಎರಡು ನಿಮಿಷಕ್ಕ "ಅಜ್ಜಿ, ನನಗೆ ಬರಲ್ಲ" ಅಂತ ಎದ್ದುಹೋದ್ಲು. ಮರುದಿನ ಹೂವು ಬರದೆ, ಮತ್ತ ಅದ ಕಥಿ. ಮೂರನೇ ದಿನ ನನಗ ಹಪ್ಪಳ ಒತ್ತೂ ಕೆಲಸ ಇತ್ತು. ಬಚ್ಚಲ ಕಟ್ಟಿ ಮ್ಯಾಲೆ ಹಳೇ ತಾಟು, ಮೂರು ವಾಟಿ, ಎರಡು ಚಮಚ, ಒಂದು ಹಳೇ ಹಲ್ಲುಜ್ಜೂ ಬ್ರಶ್, ಬೆಂಡೀಕಾಯಿ ತುದಿ ಇಟ್ಟು, ಏನೂ ಹೇಳಲಾರದ ಬಾಗಲದಾಗ ಲಟ್ಟಣಿಗಿ ಹಿಡಕೊಂಡು ಕೂತೆ. ಅವತ್ತು ಮುಕ್ಕಾಲು ತಾಸು ಹುಡುಗಿ ಎದ್ದಿಲ್ಲ.

ಏನು ಮಾಡಿದ್ಲು ಅಂತ ಕೇಳ್ರಿ. ಮೊದಲು ಹತ್ತು ನಿಮಿಷ ಬರೇ ಹಳದಿ ಒಂದು ವಾಟಿಯಿಂದ ಇನ್ನೊಂದಕ್ಕ ಚಮಚಲೆ ಹಾಕಿದ್ಲು. ಆಮ್ಯಾಲೆ ನೀಲಿ ಹಳದಿ ಕೂಡಿಸಿ ಹಸರು ಮಾಡಿ ತನ್ನಷ್ಟಕ್ಕ ನಕ್ಕಳು. ಬೆಂಡೀಕಾಯಿ ಅದ್ದಿ ತಾಟಿನ ತುಂಬ ಚಿಕ್ಕಿ ಒತ್ತಿದ್ಲು, ಕೈಲೆ ಎಲ್ಲಾ ಅಳಿಸಿದ್ಲು, ಮತ್ತ ಒತ್ತಿದ್ಲು. ನನಗ ಬಾಯಿ ತುದಿಗೆ ಬಂದಿತ್ತು, "ಅಯ್ಯ, ಇಷ್ಟು ಛಂದ ಬಂದಿತ್ತಲ್ಲ, ಯಾಕ ಅಳಿಸಿದಿ?" ಅಂತ. ನುಂಗಿಕೊಂಡೆ. ಕಡೀಕೆ ನಿಂಬಿಹುಳಿ ನೀಲಿಗೆ ಬಿತ್ತು, ಗುಲಾಬಿ ಆತು. ಅದನ್ನ ಇಟ್ಟಂಗಿ ಬಣ್ಣಕ್ಕೂ ಹಾಕಿ ನೋಡಿದ್ಲು, ಹಳದಿ ಆತು. ಎದ್ದು ಬಂದು ನನ್ನ ಹಪ್ಪಳದ ಹಿಟ್ಟಿನ ಮುಂದ ನಿಂತು, "ಅಜ್ಜಿ, ನಿಂಬೆಹಣ್ಣು ಎಲ್ಲದನ್ನೂ ಒಂದೇ ಥರ ಮಾಡಲ್ಲ" ಅಂದ್ಲು. ಇದನ್ನ ನಾ ಹೇಳಿಕೊಟ್ಟಿರಲಿಲ್ಲ. ಧಾರವಾಡಕ್ಕ ಬಂದ ಮ್ಯಾಲೆ ಆಕಿ ತಾನಾಗಿ ನನಗ ಹೇಳಿದ ಮೊದಲನೇ ಉದ್ದನ್ನ ಮಾತು ಅದು.

ಅವತ್ತಿನಿಂದ "ಇದೇನಿದು?" ಅಂತ ಕೇಳೂದು ಬಿಟ್ಟೀನಿ. ಹಂಗ ಕೇಳಿದ್ರ ಹುಡುಗಿ ಒಂದು ಹೆಸರು ಕಟ್ಟಿ ಹೇಳಿಬಿಡ್ತಾಳ, ಆಟ ಅಲ್ಲಿಗೇ ಮುಗೀತದ. ಕಣ್ಣಿಗೆ ಕಂಡದ್ದಷ್ಟೇ ಹೇಳ್ತೀನಿ, "ಇಲ್ಲೆ ನೀಲಿ ದಪ್ಪ ಆಗ್ಯದ" ಅಂತ. ಮನಸ್ಸಾದ್ರ ಆಕಿನ ಮುಂದಿಂದು ಹೇಳ್ತಾಳ. ಹಂಗಂತ ಬಿಟ್ಟು ಎದ್ದು ಹೋಗೂದಿಲ್ಲ, ಕುಕ್ಕರ್ ಕೂಗಿದ್ರೂ. ಒಲಿ ಆರಿಸೇ ಆಟಕ್ಕ ಕೂಡಸ್ತೀನಿ.

ಹೊಲಸಿಗೆ ಅಂಜಿ ಬ್ಯಾಡ ಅನ್ನೋರಿಗೆ ಎರಡು ಮಾತು. ಒಂದು ವಾಟಿಯಾಗ ನಾಕು ಚಮಚದಕಿಂತ ಹೆಚ್ಚು ಬಣ್ಣ ಕೊಡಬ್ಯಾಡ್ರಿ, ಚೆಲ್ಲಿದ್ರೂ ಅಷ್ಟೇ ಚೆಲ್ತದ. ಮುಗಿಸೂಕಿಂತ ಐದು ನಿಮಿಷ ಮೊದಲು ಹೇಳ್ರಿ, ವಾಟಿ ತೊಳಿಯೂದೂ ಹುಡುಗರ ಪಾಲಿಗೆ ಬಿಡ್ರಿ, ಅವರಿಗೆ ಅದೂ ಆಟನ. ಅರಿಷಿಣದ ಕಲಿ ಬಿದ್ದ ಅಂಗಿ ತೊಳದು ಬಿಸಲಾಗ ಹಾಕ್ರಿ, ಎರಡು ಮೂರು ಬಿಸಲಿಗೆ ತಾನ ಮಾಸ್ತದ. ಗಂಜಿ ಬಣ್ಣದ ಚಿತ್ರ ಮಾತ್ರ ಗ್ವಾಡಿಗೆ ಅಂಟಿಸಿ ಇಡಬ್ಯಾಡ್ರಿ. ನಾ ಕಪಾಟಿನ ಹಿಂದ ಇಟ್ಟ ನಾಕು ಚಿತ್ರ ಝಿರಳಿ ತಿಂದು ಜಾಳಿಗಿ ಮಾಡಿದ್ವು. ಈಗ ಸೊಸಿ ಫೋಟೊ ತಗೀತಾಳ, ಚಿತ್ರ ಕಸಕ್ಕ ಹೋಗ್ತದ.

ಮೊನ್ನೆ ಮಣ್ಣೆತ್ತಿನ ಅಮಾಸಿಗೆ ನನ್ನ ತಮ್ಮ ಬಂದಿದ್ದ. ಕುಂಬಾರರ ಮನಿಯಿಂದ ಜರಡಿ ಹಿಡದ ಮಣ್ಣು ಹಸೀದ ತರಿಸಿದ್ದೆ, ಹೊಲದ್ದು ಅಂದ್ರ ಗೊಬ್ಬರ, ಔಷಧ ಏನು ಬಿದ್ದಿರ್ತದೋ ಅಂತ. ಒಣಾ ಮಣ್ಣು ಕಸಬರಗಿಲೆ ಹೊಡದ್ರ ಧೂಳು ಏಳ್ತದ, ಅದಕ್ಕ ಹಸೀ ಅರಿವಿಲೆ ಒರಸೂದು. ಅಜ್ಜ ಮೊಮ್ಮಗಳು ಇಬ್ಬರೂ ಕೂತು ಎತ್ತು ಮಾಡಿದ್ರು. ಆಕಿ ಒಂದು ಎತ್ತಿಗೆ ಆರು ಕಾಲು ಹಚ್ಚಿದ್ಲು, ಅಂವ ಏನೂ ಅನಲಿಲ್ಲ.

ನಾವು ಸಣ್ಣವರಿದ್ದಾಗ ಎತ್ತಿನ ಕಣ್ಣಿಗೆ ಗುಲಗಂಜಿ ಹಚ್ತಿದ್ವಿ, ನಿಮಗೂ ನೆನಪಿರಬೇಕು. ದೇವರ ಪೆಟ್ಟಿಗ್ಯಾಗ ಈಗೂ ಒಂದು ಮುಟಗಿ ಇತ್ತು. ಕೆಂಪು ಮೈ, ಕರೀ ತುದಿ, ಹುಡುಗರ ಕಣ್ಣಿಗೆ ಪೆಪ್ಪರಮಿಂಟ ಇದ್ದಂಗ. ಅದು ಭಾರೀ ವಿಷ. ಇಡೀದು ನುಂಗಿದ್ರ ಗಟ್ಟಿ ಸಿಪ್ಪಿ ಇರೂದ್ರಿಂದ ಹಂಗ ಹೊರಗ ಹೋಗಬಹುದು, ಆದ್ರ ಅಗದು ನುಂಗಿದ್ರ, ಇಲ್ಲಾ ಸೂಜಿಲೆ ತೂತು ಮಾಡಿದ್ದು ಹೊಟ್ಟಿಗೆ ಹೋದ್ರ ಜೀವಕ್ಕ ಅಪಾಯ. ಹೆಂಗನ ನುಂಗಿರ್ಲಿ, ತಡಾ ಮಾಡದ ದವಾಖಾನಿಗೆ ಓಡಬೇಕು. ನಾ ಅವನ್ನೆಲ್ಲಾ ಪೊಟ್ಟಣ ಕಟ್ಟಿ ಮನಿಯಿಂದ ಹೊರಗ ಹಾಕೀನಿ.

ತಮ್ಮ ಎತ್ತು ಕೈಯಾಗ ಹಿಡಕೊಂಡು, "ಕಣ್ಣಿಗೆ ಏನಕ್ಕಾ?" ಅಂದ. ನಾ ಜ್ವಾಳದ ಕಾಳು ಮುಂದಿಟ್ಟೆ. ಕಾಳು ಮೂಗಿನ್ಯಾಗ ತುರುಕಿಕೊಳ್ಳಬಾರದು ಅಂತ ಎಣಿಸಿ ಇಟ್ಟಿದ್ದೆ, ಎರಡು ಎತ್ತಿಗೆ ನಾಕೇ ಕಾಳು. ಅಂವ ಕಾಳು ನೋಡಿದ, ಆಮ್ಯಾಲೆ ತಲಿ ಎತ್ತಿ ಮಾಡ ನೋಡಿದ. ಸುಣ್ಣದ ಟ್ಯೂಬ್ ಅಲ್ಲಿ ಇರಲಿಲ್ಲ. ನಮ್ಮ ಮನಿಯವರ ಎಲಿ ಅಡಿಕಿ ಚೀಲಾ ಈಗ ಅಟ್ಟದ ಮ್ಯಾಲೆ, ಕೀಲಿ ಹಾಕಿದ ಡಬ್ಬ್ಯಾಗ. ದಿನಾ ಏಣಿ ಹತ್ತಿ ತಗೋಬೇಕು ಅಂತ ಅವರು ಗೊಣಗ್ತಾರ, ಗೊಣಗ್ಲಿ.

"ಛಲೋ ಮಾಡಿದಿ" ಅಂದ ತಮ್ಮ. ಅಷ್ಟೇ ಅಂದು ಕಾಳು ಚಿನ್ನೂನ ಕೈಗೆ ಕೊಟ್ಟ.

ನಿಮ್ಮ ಮನ್ಯಾಗೂ ಸಣ್ಣ ಹುಡುಗರು ಬರೂ ಹೊತ್ತಿದು. ಮಾಡ, ದೇವರ ಪೆಟ್ಟಿಗಿ, ಕೇರಂ ಪುಡಿ ಇಡೂ ಜಾಗಾ ಒಮ್ಮೆ ನೋಡಿಬಿಡ್ರಿ. ಆಮ್ಯಾಲೆ ಗಂಜಿ ಕುದಿಯಾಕ ಇಡ್ರಿ. ಅಳತಿ ಹೆಚ್ಚು ಕಡಿಮಿ ಆದ್ರ ನನಗ ಫೋನ್ ಮಾಡ್ರಿ, ಮಧ್ಯಾಹ್ನ ಊಟ ಆದ ಮ್ಯಾಲೆ ಬಚ್ಚಲ ಬಾಗಲದಾಗನ ಕೂತಿರ್ತೀನಿ.